ಒಂಬತ್ತಿಲ್ಲದ ಮಾಸ್ಟರ್ ಚಾರ್ಟ್

ನಂಜನಗೂಡಿನ ಡಾಕ್ಟರ್ ಮದನ್ ಕೆಟ್ಟವನೇನಲ್ಲ. ಕೆಟ್ಟವನಾಗಲು ಪಡಬೇಕಾದ ಶ್ರಮವನ್ನೂ ಅವನು ಯಾವತ್ತೂ ಪಟ್ಟವನಲ್ಲ. ಬಜಾರಿನಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದ ಪುಟ್ಟಬಸವಯ್ಯನವರ ಒಬ್ಬನೇ ಮಗ. ಮಗ ಡಾಕ್ಟರಾಗುತ್ತಾನೆಂದು ತಾಯಿ ಚನ್ನಾಜಮ್ಮ ತೊಟ್ಟಿಲಿಗೆ ಹಾಕಿದ ದಿನವೇ ಬಂದವರಿಗೆಲ್ಲ ಹೇಳಿಬಿಟ್ಟಿದ್ದರಂತೆ. ಹೇಳಿಬಿಟ್ಟಿದ್ದಾರಲ್ಲ ಎಂದು ಅವನು ಡಾಕ್ಟರಾದ. ಪಿಯುಸಿಯಲ್ಲಿ ಪಕ್ಕದವನ ಪ್ರಾಕ್ಟಿಕಲ್ ರೆಕಾರ್ಡನ್ನು ನಕಲು ಮಾಡುವಾಗ, ಅವನು ತಪ್ಪಾಗಿ ಬರೆದು ಹೊಡೆದುಹಾಕಿದ್ದ ಸಾಲನ್ನೂ ಇವನು ಬರೆದು, ಅದೇ ಜಾಗದಲ್ಲಿ ಹೊಡೆದುಹಾಕಿದ್ದನಂತೆ. ಇದು ಯಾರೋ ಅವನ ಮೇಲೆ ಹೇಳಿದ ಚಾಡಿಯಲ್ಲ. ಕ್ಯಾಂಟೀನಿನಲ್ಲಿ ಕಾಫಿ ಕುಡಿಯುತ್ತಾ ತಾನೇ ನಗುನಗುತ್ತಾ ಹೇಳುತ್ತಿದ್ದ.

ನಾನು ಇಂದ್ರಾಣಿ, ಟಿ. ನರಸೀಪುರದವಳು. ಮೈಸೂರಿನಲ್ಲಿ ಸರ್ಜರಿ ಎಂ.ಎಸ್. ಓದಲು ಸೇರಿದಾಗ ಅದೇ ಯೂನಿಟ್ಟಿನಲ್ಲಿ ಮದನ್ ನನಗಿಂತ ಸೀನಿಯರ್. ಯೂನಿಟ್ಟಿನ ಮುಖ್ಯಸ್ಥರು ಪ್ರೊಫೆಸರ್ ಗಂಗಾಧರಸ್ವಾಮಿ. ಅವರೇ ಇಬ್ಬರಿಗೂ ಗೈಡ್. ಎಂ.ಎಸ್. ಪರೀಕ್ಷೆಗೆ ಕೂರಬೇಕಾದರೆ ಪ್ರತಿಯೊಬ್ಬರೂ ಒಂದು ಪ್ರಬಂಧ ಬರೆದು ಒಪ್ಪಿಸಲೇಬೇಕು. ಮದನ್ ಆರಿಸಿಕೊಂಡ, ಅಂದರೆ ಗೈಡ್ ಅವನ ತಲೆಗೆ ಕಟ್ಟಿದ ವಿಷಯ ಸಕ್ಕರೆ ಕಾಯಿಲೆಯವರ ಕಾಲು ಹುಣ್ಣು. ಬೆರಳು ಕಪ್ಪಗಾಗಿ ಕೊಳೆತವರಿಗೆ ಬೆರಳನ್ನಷ್ಟೇ ತೆಗೆದರೆ ಕಾಲು ಉಳಿಯುತ್ತದೆಯೇ ಎಂಬುದು ಪ್ರಶ್ನೆ. ಐವತ್ತು ರೋಗಿಗಳನ್ನು ನೋಡಬೇಕು, ಅವರನ್ನು ಆರು ತಿಂಗಳ ಮೇಲೆ ಮತ್ತೆ ಕರೆಸಿ ನೋಡಬೇಕು.

ಒಬ್ಬೊಬ್ಬ ರೋಗಿಗೂ ವಿವರ ತುಂಬಲು ನಾಲ್ಕು ಪುಟದ ಒಂದು ಪ್ರೊಫಾರ್ಮಾ ಇರುತ್ತದೆ. ಆ ಇನ್ನೂರು ಪುಟವನ್ನು ಯಾರೂ ಓದುವುದಿಲ್ಲವಾದ್ದರಿಂದ ಎಲ್ಲವನ್ನೂ ಅಂಕಿಗಳಾಗಿಸಿ ಒಂದೇ ದೊಡ್ಡ ಕೋಷ್ಟಕಕ್ಕೆ ಇಳಿಸುತ್ತಾರೆ. ಅದೇ ಮಾಸ್ಟರ್ ಚಾರ್ಟ್. ಒಬ್ಬ ರೋಗಿಗೆ ಒಂದು ಅಡ್ಡಸಾಲು, ಒಂದೊಂದು ಸಂಗತಿಗೆ ಒಂದೊಂದು ನಂಬರಿನ ಕಾಲಂ. ಗಂಡಸಾದರೆ 1, ಹೆಂಗಸಾದರೆ 2. ಬರಿಗಾಲಾದರೆ 1, ಹವಾಯಿ ಚಪ್ಪಲಿಯಾದರೆ 2, ಶೂ ಆದರೆ 3. ಯಾವ ಅಂಕಿಗೆ ಏನರ್ಥ ಎಂದು ಹೇಳುವ ಕೀ ಬೇರೆ ಪುಟದಲ್ಲಿ ಇರುತ್ತದೆ. ಪ್ರಬಂಧದಲ್ಲಿ ಬರುವ ಶೇಕಡಾ ಲೆಕ್ಕ, ಬಣ್ಣದ ಗ್ರಾಫು, ಕೊನೆಯ ತೀರ್ಮಾನ ಎಲ್ಲವೂ ಈ ಚಾರ್ಟಿನಿಂದ ಹುಟ್ಟಬೇಕು. ಇದು ಕೆಟ್ಟರೆ ಮೇಲಿನದೆಲ್ಲ ಬರೀ ಬೈಂಡಿಂಗು.

ಸೀನಿಯರ್ ಚಾರ್ಟ್ ಮಾಡುವಾಗ ಜೂನಿಯರ್ ಪ್ರೊಫಾರ್ಮಾ ಓದಬೇಕು ಎಂಬುದು ನಮ್ಮಲ್ಲಿ ನಡೆದುಬಂದ ಪದ್ಧತಿ. ಹಾಗಾಗಿ 2002ರ ಒಂದು ಭಾನುವಾರ ನಾನು ಬಸ್ಸು ಹತ್ತಿ ನಂಜನಗೂಡಿಗೆ ಹೋದೆ. ಹಾರ್ಡ್‌ವೇರ್ ಅಂಗಡಿಯ ಮೇಲಿನ ಮಹಡಿಯಲ್ಲಿ ಹೊಸ ಕಂಪ್ಯೂಟರು, ಅದಕ್ಕೆ ಚನ್ನಾಜಮ್ಮನವರು ಹೊಲಿಸಿದ ಹೂವಿನ ಗೌಸು. ಕೆಳಗಿನಿಂದ ಕಬ್ಬಿಣದ ಸರಳು ಬೀಳಿಸುವ ಸದ್ದು. ನಾನು ಓದುತ್ತಾ ಹೋದೆ, ಅವನು ಕುಟ್ಟುತ್ತಾ ಹೋದ.

ಕಾಲಂಗಳು ಜಾಸ್ತಿಯಾಗಿ ಮಡಿಸುವ ಹಾಳೆಗೂ ಹಿಡಿಸಲಿಲ್ಲ. ಒಂದನ್ನು ತೆಗೆಯಬೇಕಾಯಿತು. ಅವನು ಸ್ವಲ್ಪ ಹೊತ್ತು ನೋಡಿ "ಪಾದದ ನಾಡಿ" ಎಂಬ ಕಾಲಂ ತೆಗೆದ.

"ಸರ್, ಅದನ್ನ ತೆಗೆದ್ರೆ ಹೆಂಗೆ? ಪಾದಕ್ಕೆ ರಕ್ತ ಬರ್ತಿದೆಯೋ ಇಲ್ವೋ ಅನ್ನೋದು ಅದರಲ್ಲೇ ತಾನೇ ಗೊತ್ತಾಗೋದು? ಚಪ್ಪಲಿ ಕಾಲಂ ತೆಗೀರಿ," ಎಂದೆ.

"ಚಪ್ಪಲಿದು ಪೈ ಚಾರ್ಟ್ ಆಗ್ಲೇ ಮಾಡಿಸ್ಬಿಟ್ಟಿದೀನಿ ಕಣ್ರೀ. ಕಲರ್ ಪ್ರಿಂಟು."

ಹೀಗೆ ರಕ್ತ ಹರಿಯುವ ಕಾಲೂ ಹರಿಯದ ಕಾಲೂ ಅವನ ಚಾರ್ಟಿನಲ್ಲಿ ಒಂದೇ ಆದವು. ಚಪ್ಪಲಿ ಮಾತ್ರ ಬೇರೆ ಬೇರೆಯಾಗಿ ಉಳಿಯಿತು. ಕೊನೆಯ ಕಾಲಂ ಆರು ತಿಂಗಳ ಮೇಲಿನ ಸ್ಥಿತಿಯದು. ವಾಸಿಯಾಗಿದ್ದರೆ 1, ಹುಣ್ಣು ಉಳಿದಿದ್ದರೆ 2, ಕಾಲು ತೆಗೆದಿದ್ದರೆ 3, ತೀರಿಕೊಂಡಿದ್ದರೆ 4. ರೋಗಿ ಮರಳಿ ಬಾರದೆ ಏನಾಯಿತೆಂದೇ ತಿಳಿಯದಿದ್ದರೆ 9. ನಾನು "ಬಂದಿಲ್ಲ" ಎಂದು ಓದಿದಾಗಲೆಲ್ಲ ಅವನು 9 ಒತ್ತಿದ. ಸಾಕಷ್ಟು ಸಲ ಓದಿದೆ. ಹಳ್ಳಿಯಿಂದ ಬಂದವರು, ನಾಟಿ ಕೊಯ್ಲು ಬಿಟ್ಟು ಮೈಸೂರಿನ ತನಕ ಮತ್ತೆ ಬರುವುದು ಸುಲಭವೇನಲ್ಲ. ತಿಳಿಯದ್ದನ್ನು ತಿಳಿಯದು ಎಂದೇ ಬರೆದಿದ್ದ. ಆ ಚಾರ್ಟು ತನ್ನ ಆಯುಸ್ಸಿನಲ್ಲಿ ಸಾಚಾ ಆಗಿದ್ದದ್ದು ಆ ಒಂದು ಭಾನುವಾರ ಸಂಜೆ ಮಾತ್ರ.

ಮಾರನೆಯ ವಾರ ಗಂಗಾಧರಸ್ವಾಮಿಯವರು ಪ್ರಿಂಟನ್ನು ಮೇಜಿನ ಮೇಲೆ ಹರಡಿಕೊಂಡು ನೋಡಿದರು. ನೋಡಿದರು ಎಂದರೆ ದೂರದಿಂದ ನೋಡಿದರು. ಪರದೆ ಬಟ್ಟೆ ಆರಿಸುವವರು ನೋಡುವ ಹಾಗೆ.

"ಏನಯ್ಯಾ ಇದು, ಕೊನೇಲಿ ಬರೀ ಒಂಬತ್ತು ಒಂಬತ್ತು ಕಾಣ್ತದಲ್ಲ. ಎಕ್ಸಾಮಿನರ್ ಕಣ್ಣು ಮೊದಲು ಅಲ್ಲಿಗೇ ಹೋಗೋದು. ನೀಟಾಗಿ ಮಾಡ್ಕೊಂಡ್ ಬಾ," ಎಂದರು.

ಅವರು ಹೇಳಿದ್ದಿಷ್ಟೇ. ರೋಗಿಗಳನ್ನು ಹುಡುಕಿಸು ಎಂದೂ ಹೇಳಲಿಲ್ಲ, ಅಂಕಿ ತಿದ್ದು ಎಂದೂ ಹೇಳಲಿಲ್ಲ. ಯಾವ ಕಡೆಯಿಂದಲೂ ಸಿಕ್ಕಿಹಾಕಿಕೊಳ್ಳದಂತೆ ಮಾತಾಡುವುದರಲ್ಲಿ ಅವರನ್ನು ಮೀರಿಸಿದವರನ್ನು ನಾನು ಕಂಡಿಲ್ಲ. ಮದನ್ ನೀಟಾಗಿ ಮಾಡಿಕೊಂಡು ಬಂದ. ಪ್ರಬಂಧ ಕಂದು ರಟ್ಟು, ಚಿನ್ನದ ಅಕ್ಷರಗಳೊಂದಿಗೆ ಬೈಂಡಾಯಿತು. "ನನ್ನ ನೇರ ಮೇಲ್ವಿಚಾರಣೆಯಲ್ಲಿ ನಡೆದ ಪ್ರಾಮಾಣಿಕ ಅಧ್ಯಯನ" ಎಂದು ಗೈಡ್ ಸಹಿ ಹಾಕಿದರು. ಪರೀಕ್ಷಕರು ಒಪ್ಪಿದರು. ಬೆರಳು ತೆಗೆದರೆ ಶೇಕಡಾ ಎಂಬತ್ತೆಂಟು ಮಂದಿಗೆ ವಾಸಿ ಎಂಬ ತೀರ್ಮಾನ ಹೊರಬಂತು. ಪಾಸಾದ ಮೇಲೆ ಮದನ್ ಅದೇ ಯೂನಿಟ್ಟಿನಲ್ಲಿ ಸೀನಿಯರ್ ರೆಸಿಡೆಂಟಾಗಿ ಉಳಿದ. ರೌಂಡ್ಸಿನಲ್ಲಿ ಕಪ್ಪು ಬೆರಳು ಕಂಡರೆ ಸಾಕು, "ಎಂಬತ್ತೆಂಟು ಪರ್ಸೆಂಟ್ ಸರ್" ಎನ್ನುತ್ತಿದ್ದ. ಕೇಳಿ ಕೇಳಿ ಗೈಡೂ ನಂಬಿದರು. ಎಲ್ಲಕ್ಕಿಂತ ದೊಡ್ಡ ತಮಾಷೆಯೆಂದರೆ ಮದನ್ ತಾನೂ ನಂಬಿದ.

ನನ್ನ ಕೊನೆಯ ವರ್ಷದಲ್ಲಿ ಗೋವಿಂದಮ್ಮ ವಾರ್ಡಿಗೆ ಬಂದಳು. ಬಿಳಿಗೆರೆ ಕಡೆಯವಳು, ವಯಸ್ಸು ಐವತ್ತೊಂಬತ್ತು, ನಾಟಿ ಕೂಲಿ ಮಾಡುವವಳು. ಬಲಗಾಲಿನ ಹೆಬ್ಬೆರಳು ಇದ್ದಿಲಿನಂತಾಗಿತ್ತು. ನಾನು ಪಾದದ ಮೇಲೆ ಬೆರಳಿಟ್ಟು ನೋಡಿದೆ. ನಾಡಿ ಸಿಗಲಿಲ್ಲ. ಹಿಮ್ಮಡಿಯ ಪಕ್ಕದಲ್ಲೂ ಇಲ್ಲ, ಮಂಡಿಯ ಹಿಂದೆಯೂ ಇಲ್ಲ. ಪಾದ ಬಾವಿಯ ಕಲ್ಲಿನಷ್ಟು ತಣ್ಣಗಿತ್ತು. ಹೀಗಿರುವಾಗ ಬೆರಳನ್ನಷ್ಟೇ ತೆಗೆದರೆ ಆ ಗಾಯ ಕೂಡಲು ರಕ್ತವೇ ಬರುವುದಿಲ್ಲ. ಕೊಳೆತ ಮೇಲಕ್ಕೇರುತ್ತದೆ, ಆಮೇಲೆ ಮಂಡಿಯ ಹತ್ತಿರವೋ ಅದಕ್ಕೂ ಮೇಲೆಯೋ ಕತ್ತರಿಸಬೇಕಾಗುತ್ತದೆ. ಮೊದಲು ಡಾಪ್ಲರ್ ಮಾಡಿಸಿ ರಕ್ತನಾಳ ಎಲ್ಲಿ ಕಟ್ಟಿದೆ ನೋಡಬೇಕು, ಬೆಂಗಳೂರಿಗೆ ಕಳಿಸಿ ಬೈಪಾಸ್ ಮಾಡಿಸಲು ಆಗುತ್ತದೆಯೇ ಕೇಳಬೇಕು.

ಮದನ್ ಬಂದ, ಬೆರಳು ನೋಡಿದ, ಪಾದ ಮುಟ್ಟಲಿಲ್ಲ.

"ಬುಧವಾರದ ಲಿಸ್ಟಿಗೆ ಹಾಕಿ. ಹೆಬ್ಬೆರಳು ತೆಗೆದ್ರಾಯ್ತು."

ಅವನು ಹೋದ ಮೇಲೆ ಗೋವಿಂದಮ್ಮ ನನ್ನ ಕೈ ಹಿಡಿದುಕೊಂಡಳು. "ಡಾಕ್ಟ್ರವ್ವ, ಬೆಳ್ಳು ಓದ್ರೆ ಓಗ್ಲಿ. ಕಾಲೊಂದು ಉಳಿಸ್ಕೊಡಿ. ಕೆಸ್ರಲ್ಲಿ ನಿಂತ್ಕಂಡು ಗೇಯೋಳು ನಾನು. ಒಂಟಿಕಾಲಲ್ಲಿ ಯಾವ ಗದ್ದೆಗೆ ಇಳೀಲಿ?"

ಗಂಗಾಧರಸ್ವಾಮಿಯವರ ಹತ್ತಿರ ಹೋದೆ. "ಏನಮ್ಮಾ, ನಮ್ಮ ಯೂನಿಟ್ಟಿಂದೇ ಐವತ್ತು ಕೇಸಿನ ಸೀರೀಸ್ ಇದೆ. ಅದರಲ್ಲಿ ಎಲ್ಲಾ ತರದವರೂ ಇದ್ರಲ್ಲ. ಎಂಬತ್ತೆಂಟು ಪರ್ಸೆಂಟ್ ವಾಸಿಯಾಗಿರೋವಾಗ ಮುದುಕೀನ ಬೆಂಗಳೂರಿಗೆ ಯಾಕೆ ಅಲೆಸ್ತೀಯ?" ಎಂದರು. ನನಗೆ ಮೈ ಉರಿಯಿತು. ನಾಡಿ ನೋಡುವುದನ್ನು ಎಂ.ಬಿ.ಬಿ.ಎಸ್. ಮಕ್ಕಳಿಗೆ ಕಲಿಸುವ ಮನುಷ್ಯ, ಎದುರಿಗಿರುವ ಪಾದ ಬಿಟ್ಟು ಕಪಾಟಿನಲ್ಲಿರುವ ಪುಸ್ತಕ ತೋರಿಸುತ್ತಿದ್ದಾರೆ.

ಸರಿ, ಆ ಪುಸ್ತಕವನ್ನೇ ನೋಡೋಣವೆಂದು ಗ್ರಂಥಾಲಯಕ್ಕೆ ಹೋದೆ. ಬೈಂಡಾದ ಮೇಲೆ ನಾನದನ್ನು ತೆರೆದೇ ಇರಲಿಲ್ಲ. ಕೊನೆಯಲ್ಲಿ ಮಡಿಸಿದ್ದ ಮಾಸ್ಟರ್ ಚಾರ್ಟನ್ನು ಬಿಚ್ಚಿದೆ, ಪಕ್ಕದಲ್ಲಿ ಕೀ ಇಟ್ಟುಕೊಂಡೆ. ಕೊನೆಯ ಕಾಲಮ್ಮಿಗೆ ಕೀಯಲ್ಲಿ "9: ಮಾಹಿತಿ ಇಲ್ಲ" ಎಂದು ಇನ್ನೂ ಇದೆ. ಚಾರ್ಟಿನ ಆ ಕಾಲಮ್ಮಿನಲ್ಲಿ ಒಂದೂ 9 ಇಲ್ಲ. ನಾನೇ ನನ್ನ ಬಾಯಿಂದ "ಬಂದಿಲ್ಲ" ಎಂದು ಓದಿದವರೆಲ್ಲ ಎಲ್ಲಿ ಹೋದರು? ಐವತ್ತು ಮಂದಿಯೂ ಆರು ತಿಂಗಳಾದ ಮೇಲೆ ಶಿಸ್ತಾಗಿ ಬಂದು ಕಾಲು ತೋರಿಸಿ ಹೋದರೆಂದರೆ ನಂಬುವ ಮಾತೇ?

ಆಮೇಲೆ ಕಣ್ಣು ವಯಸ್ಸಿನ ಕಾಲಮ್ಮಿಗೆ ಹೋಯಿತು. 51, 61, 41, 51. ನಲವತ್ತೊಂಬತ್ತರವರಿಲ್ಲ, ಐವತ್ತೊಂಬತ್ತರವರಿಲ್ಲ, ಅರವತ್ತೊಂಬತ್ತರವರಿಲ್ಲ. ರಕ್ತದ ಸಕ್ಕರೆ 210, 311, 118. ಅಲ್ಲೂ 9 ಇಲ್ಲ. ಆಸ್ಪತ್ರೆಗೆ ಸೇರಿಸಿಕೊಂಡಾಗ ಕೊಡುವ ನಂಬರುಗಳು ಐದೈದು ಅಂಕಿಯವು. ಐವತ್ತರಲ್ಲಿ ಒಂದರಲ್ಲೂ 9 ಇಲ್ಲ. ಕಾಲಂಗಳ ತಲೆಯ ಮೇಲಿನ ನಂಬರು, ಎಡಗಡೆಯ ಕ್ರಮಸಂಖ್ಯೆ ಬಿಟ್ಟರೆ ಇಡೀ ಹಾಳೆಯಲ್ಲಿ ಆ ಅಂಕಿಯೇ ಇಲ್ಲ.

ಏನು ಮಾಡಿದ್ದಾನೆಂದು ಹೊಳೆದಾಗ ನನಗೆ ಮೊದಲು ಬಂದದ್ದು ಸಿಟ್ಟಲ್ಲ, ಹೇಸಿಗೆ. ಕೋಷ್ಟಕದ ಒಂದೊಂದೇ ಮನೆಯನ್ನು ತಿದ್ದುವಷ್ಟು ತಾಳ್ಮೆಯೂ ಇಲ್ಲದೆ ಅವನು ಕಂಪ್ಯೂಟರಿಗೆ 9 ಹುಡುಕಿ 1 ಹಾಕು, ಎಲ್ಲ ಕಡೆ ಹಾಕು ಎಂದಿದ್ದಾನೆ. ಕೊನೆಯ ಕಾಲಮ್ಮನ್ನಷ್ಟೇ ಆರಿಸಿಕೊಂಡಿಲ್ಲ. ಕಂಪ್ಯೂಟರು ಇಡೀ ಹಾಳೆಯಲ್ಲಿ, ವಯಸ್ಸಿನ ಒಳಗಿನ 9, ಸಕ್ಕರೆಯ ಒಳಗಿನ 9, ಆಸ್ಪತ್ರೆ ನಂಬರಿನ ಒಳಗಿನ 9, ಒಂದನ್ನೂ ಬಿಡದೆ 1 ಮಾಡಿದೆ. ಕಾಲಂ ನಂಬರಿನಲ್ಲೂ ಕ್ರಮಸಂಖ್ಯೆಯಲ್ಲೂ ಎಂಟಾದ ಮೇಲೆ ಒಂದು ಬಂದದ್ದು ಕಣ್ಣಿಗೆ ಹೊಡೆದಿರಬೇಕು, ಅವನ್ನು ಮಾತ್ರ ಕೈಯಾರೆ ಸರಿಮಾಡಿದ್ದಾನೆ. ಮೋಸ ಮಾಡುವುದನ್ನೂ ನೆಟ್ಟಗೆ ಕಲಿಯಲಿಲ್ಲ ಈ ಮನುಷ್ಯ. ಈಗ ಕೊನೆಯ ಕಾಲಮ್ಮಿನ 1ಗಳಲ್ಲಿ ನಿಜವಾಗಿ ವಾಸಿಯಾದವರು ಯಾರು, ಬಾರದೇ ಹೋದವರು ಯಾರು ಎಂದು ಆ ಚಾರ್ಟಿನಿಂದ ಯಾರೂ ಹೇಳಲಾರರು.

ಆದರೂ ಒಬ್ಬರನ್ನಾದರೂ ಹಿಡಿಯಬೇಕಿತ್ತು. ಚಾರ್ಟಿನಲ್ಲಿ ಚೆಲುವಯ್ಯ ಎಂಬ ಹೆಸರಿತ್ತು. ನಮ್ಮ ತಾಲ್ಲೂಕಿನವನೆಂದು ಪ್ರೊಫಾರ್ಮಾ ಓದುವಾಗಲೇ ನನಗೆ ನೆನಪುಳಿದಿತ್ತು, ಬಂದಿಲ್ಲ ಎಂದು ಓದಿದ್ದೂ ನೆನಪಿತ್ತು. ಅವನ ಹೆಸರಿನ ಮುಂದೆ 41173. ರೆಕಾರ್ಡ್ ವಿಭಾಗದಲ್ಲಿ ಆ ನಂಬರಿಗೆ ಸಿಕ್ಕಿದ್ದು ಒಂದು ಹೆರಿಗೆಯ ಕೇಸ್ ಶೀಟು. 49173 ತೆಗೆಸಿದೆ, ಅಪೆಂಡಿಕ್ಸು. 41973 ತೆಗೆಸಿದೆ. ಚೆಲುವಯ್ಯ ಸಿಕ್ಕಿದ, ಮುಡುಕುತೊರೆಯ ವಿಳಾಸದ ಸಮೇತ.

ಮಂಗಳವಾರ ಬೆಳಿಗ್ಗೆ ಡ್ಯೂಟಿ ಬದಲಾಯಿಸಿಕೊಂಡು ಹೋದೆ. ಚೆಲುವಯ್ಯ ಮನೆ ಮುಂದಿನ ಜಗಲಿಯ ಮೇಲೆ ಕೂತು ಮಂಕರಿ ಹೆಣೆಯುತ್ತಿದ್ದ. ಎಡಗಾಲು ಮಂಡಿಯ ಕೆಳಗೆ ಇರಲಿಲ್ಲ.

"ಬೆಳ್ಳು ತಗುದ್ರು ಕಣವ್ವ. ಮಾಯ್ಲೇ ಇಲ್ಲ. ಕೀವಾಗಿ ಮ್ಯಾಕೆ ಏರ್ಕಬುಡ್ತು. ಆಮೇಕೆ ಬೇರೆ ಆಸ್ಪತ್ರೇಲಿ ಇಷ್ಟುದ್ದ ತಗುದ್ಬುಟ್ರು."

"ನಮ್ಮ ಆಸ್ಪತ್ರೆಗೆ ಯಾಕೆ ಮತ್ತೆ ಬರಲಿಲ್ಲ?"

"ಒಂದ್ಸಲ ಬಂದಿದ್ಕೇ ಇಂಗಾಯ್ತಲ್ಲ," ಎಂದು ಮತ್ತೆ ಹೆಣೆಯತೊಡಗಿದ. ಅವನ ಮಾತಿನಲ್ಲಿ ಸಿಟ್ಟಿರಲಿಲ್ಲ. ಅದು ನನ್ನನ್ನು ಇನ್ನಷ್ಟು ಚುಚ್ಚಿತು.

ಅವತ್ತು ಮಧ್ಯಾಹ್ನವೇ ಪ್ರಬಂಧವನ್ನೂ ಚೆಲುವಯ್ಯನ ಕೇಸ್ ಶೀಟನ್ನೂ ಹಿಡಿದು ಗಂಗಾಧರಸ್ವಾಮಿಯವರ ಕೋಣೆಗೆ ಹೋದೆ. ಮದನ್ ಅಲ್ಲೇ ಕೂತಿದ್ದ. ಮಾರನೆಯ ದಿನದ ಲಿಸ್ಟಿನಲ್ಲಿ ಗೋವಿಂದಮ್ಮನ ಹೆಸರು ಮೊದಲನೆಯದು.

"ಸರ್, ಇದರಲ್ಲಿ ಒಂಬತ್ತು ಎಲ್ಲಿದೆ ತೋರಿಸಿ," ಎಂದು ಮದನ್ ಮುಂದೆ ಚಾರ್ಟ್ ಹರಡಿದೆ.

ಅವನು ಕೊನೆಯ ಕಾಲಂ ನೋಡಿದ. "ಓ, ಅದಾ. ನೀವು ಅಷ್ಟೊಂದು ತಲೆ ಕೆಡಿಸ್ಕೋಬೇಡ್ರೀ ಇಂದ್ರಾಣಿ. ವಾಸಿಯಾದೋರು ಮತ್ತೆ ಯಾಕೆ ಬರ್ತಾರೆ? ಬಂದಿಲ್ಲ ಅಂದ್ರೆ ವಾಸಿಯಾಗಿದೆ ಅಂತ್ಲೇ ಅರ್ಥ."

"ಚೆಲುವಯ್ಯನೂ ಬರಲಿಲ್ಲ. ಈಗ ನೋಡ್ಕೊಂಡು ಬಂದೆ. ಬರೋದಕ್ಕೆ ಅವನಿಗೆ ಕಾಲಿರಲಿಲ್ಲ."

ಆಮೇಲೆ ವಯಸ್ಸು ತೋರಿಸಿದೆ, ಸಕ್ಕರೆ ತೋರಿಸಿದೆ, ಹೆರಿಗೆ ಕೇಸಿನ ನಂಬರು ತೋರಿಸಿದೆ. ಮದನ್ ಮುಖದಲ್ಲಿ ಮೂಡಿದ್ದು ನಾಚಿಕೆಯಲ್ಲ, ನಿಜವಾದ ಆಶ್ಚರ್ಯ. "ಅದು ಎಲ್ಲಾ ಕಡೇನೂ ಚೇಂಜ್ ಮಾಡ್ಬಿಡ್ತಾ? ನಾನು ಲಾಸ್ಟ್ ಕಾಲಂಗೆ ಮಾತ್ರ ಅಂತ..." ಎಂದು ಚಾರ್ಟಿನ ಮೇಲೆ ಬಗ್ಗಿದ. ಕಳ್ಳತನ ಒಪ್ಪಿಕೊಂಡದ್ದೂ ಅವನಿಗೆ ಗೊತ್ತಾಗಲಿಲ್ಲ. ಕಂಪ್ಯೂಟರು ತನಗೆ ಮೋಸ ಮಾಡಿತೆಂದು ಬೇಸರಪಟ್ಟುಕೊಂಡ.

ಗಂಗಾಧರಸ್ವಾಮಿಯವರು ಮಾತ್ರ ಬೇಗ ಅರ್ಥಮಾಡಿಕೊಂಡರು. ಅವರ ಕೈ ಮೊದಲ ಪುಟಕ್ಕೆ, ತಮ್ಮ ಸಹಿ ಇದ್ದ ಪುಟಕ್ಕೆ ಹೋಯಿತು. ಪುಸ್ತಕ ಮುಚ್ಚಿದರು.

"ಇದನ್ನ ಇನ್ಯಾರಿಗಾದ್ರೂ ತೋರಿಸಿದೀಯೇನಮ್ಮ?"

"ಇನ್ನೂ ಇಲ್ಲ ಸರ್. ಆಯಮ್ಮನ ಪಾದ ಒಂದ್ಸಲ ಮುಟ್ಟಿ ನೋಡಿ, ಅಷ್ಟೇ ನಾನು ಕೇಳೋದು."

ಮುಟ್ಟಲು ಅವರು ಎದ್ದು ಬರಲಿಲ್ಲ. "ನಾಳೆ ಲಿಸ್ಟಿಂದ ತೆಗಿ. ಡಾಪ್ಲರ್ ಬರಿ. ಬೆಂಗಳೂರಿಗೆ ಬೇಕಾದ್ರೂ ಕಳಿಸು. ಯೂನಿಟ್ ಹೇಳಿತು ಅಂತ ಬೇಡ, ರೋಗಿ ಕಡೆಯವರೇ ಕೇಳಿಕೊಂಡ್ರು ಅಂತ ಬರಿ," ಎಂದರು.

ಹಾಗೆಯೇ ಬರೆದೆ. ಆ ಹೊತ್ತಿನಲ್ಲಿ ನನಗೆ ಬೇಕಾಗಿದ್ದದ್ದು ಸತ್ಯದ ಮೆರವಣಿಗೆಯಲ್ಲ, ಒಂದು ಕಾಲು. ಡಾಪ್ಲರಿನಲ್ಲಿ ತೊಡೆಯ ನಾಳ ಕಟ್ಟಿರುವುದು ಕಂಡಿತು. ಬೆಂಗಳೂರಿನಲ್ಲಿ ಅವಳದೇ ಕಾಲಿನ ಸಿರೆ ತೆಗೆದು ಬೈಪಾಸ್ ಮಾಡಿ, ಪಾದ ಬೆಚ್ಚಗಾದ ಮೇಲೆ ಸತ್ತ ಹೆಬ್ಬೆರಳನ್ನು ತೆಗೆದರು. ಗಾಯ ಮಾಯಿತು. ಮುಂದಿನ ಮಳೆಗಾಲಕ್ಕೆ ಗೋವಿಂದಮ್ಮ ತಪಾಸಣೆಗೆ ನಡೆದುಕೊಂಡು ಬಂದಳು. ಕೆಸರಿಗೆ ಇಳಿಯಬೇಡ ಎಂದರೆ ಕೇಳದೆ ಗದ್ದೆಗೆ ಇಳಿದಿದ್ದಳೆಂದು ಅವಳ ಮಗ ಮಾದೇಶ್ ದೂರು ಹೇಳಿದ. ನಾನು ಬೈದೆ. ಒಳಗೊಳಗೇ ಕುಣಿದಾಡುವಷ್ಟು ಖುಷಿಯಾಗಿತ್ತು.

ಪ್ರಬಂಧಕ್ಕೆ ಏನೂ ಆಗಲಿಲ್ಲ. ನಾನು ಪಾಸಾದ ಮೇಲೆ ವಿಶ್ವವಿದ್ಯಾಲಯಕ್ಕೆ ಬರೆದ ದೂರಿಗೆ "ಪರಿಶೀಲಿಸಲಾಗುವುದು" ಎಂಬ ಒಂದು ಸಾಲಿನ ಉತ್ತರ ಬಂತು. ಗಂಗಾಧರಸ್ವಾಮಿಯವರು ಶಾಲು ಹಾರ ಹಾಕಿಸಿಕೊಂಡು ನಿವೃತ್ತರಾದರು. ಮದನ್ ನಂಜನಗೂಡಿನಲ್ಲಿ ನರ್ಸಿಂಗ್ ಹೋಂ ತೆರೆದ. ಹೊರಗಿನ ಬೋರ್ಡಿನಲ್ಲಿ ಡಯಾಬಿಟಿಕ್ ಫುಟ್ ತಜ್ಞ ಎಂದು ಬರೆಸಿದ. ಅವನ ಕೋಣೆಯ ಗಾಜಿನ ಕಪಾಟಿನಲ್ಲಿ ಆ ಕಂದು ರಟ್ಟಿನ ಪುಸ್ತಕಕ್ಕೆ ದಿನಾ ವಿಭೂತಿ ಹಚ್ಚುತ್ತಾರೆಂದು ಕೇಳಿದ್ದೇನೆ. ಹಚ್ಚುವವರು ಚನ್ನಾಜಮ್ಮ. ಅವರ ಮೇಲೆ ನನಗೆ ಕೋಪವಿಲ್ಲ.

2007ರಲ್ಲಿ ನಂಜನಗೂಡಿನ ಒಂದು ಹೋಟೆಲಿನ ಸಭಾಂಗಣದಲ್ಲಿ ಸುತ್ತಮುತ್ತಲಿನ ವೈದ್ಯರ ಸಭೆ ನಡೆಯಿತು. ಆಗ ನಾನು ಟಿ. ನರಸೀಪುರದಲ್ಲಿ ಕೆಲಸ ಮಾಡುತ್ತಿದ್ದೆ. ಅವತ್ತಿನ ಮುಖ್ಯ ಉಪನ್ಯಾಸ ಡಾಕ್ಟರ್ ಮದನ್ ಅವರದು. ಬೆರಳು ತೆಗೆದರೆ ಸಾಕು ಎಂಬ ಅದೇ ಹಾಡು. ಎಲ್ಲರಿಗೂ ಅದೇ ಮಾಸ್ಟರ್ ಚಾರ್ಟಿನ ಜೆರಾಕ್ಸ್ ಹಂಚಿದರು. ಪರದೆಯ ಮೇಲೆ ಚಪ್ಪಲಿಯ ಪೈ ಚಾರ್ಟ್ ಬಂದಾಗ ಕೆಲವರು ಬರೆದುಕೊಂಡರು. ಈಗ ಸೀರೀಸ್ ಐವತ್ತೊಂದು ಕೇಸಿಗೆ ಬೆಳೆದಿದೆ, ಫಲಿತಾಂಶ ಈಗಲೂ ಶೇಕಡಾ ಎಂಬತ್ತೆಂಟು ಎಂದು ಹೇಳಿ ಅವನು ಚಪ್ಪಾಳೆಗಾಗಿ ತಡೆದ. ಚಪ್ಪಾಳೆ ಬಿತ್ತು.

ನಾನು ಐವತ್ತೊಂದನೆಯ ಸಾಲು ನೋಡಿದೆ. ಗೋವಿಂದಮ್ಮ, ಬಿಳಿಗೆರೆ. ಹೆಂಗಸು 2. ಬರಿಗಾಲು 1. ಚಿಕಿತ್ಸೆಯ ಕಾಲಮ್ಮಿನಲ್ಲಿ ಬೆರಳು ತೆಗೆದದ್ದಕ್ಕೆ ಕೊಡುವ 3. ಕೊನೆಯ ಕಾಲಮ್ಮಿನಲ್ಲಿ 1. ಬೈಪಾಸಿಗೆ ಅವನ ಚಾರ್ಟಿನಲ್ಲಿ ಕಾಲಂ ಇಲ್ಲ, ನಾಡಿಗೂ ಇಲ್ಲ. ಒಂದೊಂದು ಅಂಕಿಯೂ ನಿಜ, ಸಾಲು ಮಾತ್ರ ಪೂರ್ತಿ ಸುಳ್ಳು. ಅವನ ಎಂಬತ್ತೆಂಟರಿಂದ ತಪ್ಪಿಸಿಕೊಂಡು ಕಾಲು ಉಳಿಸಿಕೊಂಡವಳನ್ನು ಹಿಡಿದು ತಂದು ಅದೇ ಎಂಬತ್ತೆಂಟಕ್ಕೆ ಸಾಕ್ಷಿ ಮಾಡಿದ್ದ. ಅವಳ ವಯಸ್ಸಿನ ಮನೆಯಲ್ಲಿ 59 ಎಂದಿತ್ತು. ಕ್ರಮಸಂಖ್ಯೆ ಬಿಟ್ಟರೆ ಐವತ್ತೊಂದು ಸಾಲುಗಳಲ್ಲಿ ಅದೊಂದೇ 9. ಆ ಒಂದು ಮನೆ ನೋಡಿದರೆ ಸಾಕು, ಮೇಲಿನ ಐವತ್ತೂ ಸಾಲುಗಳ ಕಥೆ ಯಾರಿಗಾದರೂ ತಿಳಿಯುತ್ತಿತ್ತು.

ಊಟದ ಹೊತ್ತಿಗೆ ಅವನೇ ತಟ್ಟೆ ಹಿಡಿದುಕೊಂಡು ಬಂದ. "ಹೆಂಗಿತ್ತು ಇಂದ್ರಾಣಿ? ನಿಮ್ಮ ಗೋವಿಂದಮ್ಮ ಈಗ ಸಕ್ಕರೆ ಮಾತ್ರೆಗೆ ನನ್ನ ಹತ್ರಾನೇ ಬರ್ತಾಳೆ. ಸೀರೀಸ್‌ಗೆ ಸೇರಿಸಿಬಿಟ್ಟೆ. ಒಳ್ಳೆ ರಿಸಲ್ಟು ಕಣ್ರೀ."

"ನಿಮ್ಮ ಚಾರ್ಟಿನಲ್ಲಿ ಒಂದು ಒಂಬತ್ತು ಬಂದುಬಿಟ್ಟಿದೆ ನೋಡಿ ಸರ್," ಎಂದೆ.

ಅವನು ತಟ್ಟೆಯನ್ನು ಅಲ್ಲೇ ಕಿಟಕಿಯ ಮೇಲಿಟ್ಟು, ನನ್ನ ಕೈಯಿಂದ ಹಾಳೆ ಕಸಿದುಕೊಂಡು, ಅನ್ನ ಹತ್ತಿದ ಬೆರಳನ್ನು ಕೊನೆಯ ಕಾಲಮ್ಮಿನ ಮೇಲಿಟ್ಟು ಒಂದನೆಯ ಸಾಲಿನಿಂದ ಐವತ್ತೊಂದನೆಯ ಸಾಲಿನ ತನಕ ಎಳೆದ. ಆಮೇಲೆ ನಿರಾಳವಾಗಿ ಉಸಿರು ಬಿಟ್ಟ.

"ಎಲ್ಲಿದೆ? ಒಂದೂ ಇಲ್ವಲ್ಲ," ಎಂದು ನಕ್ಕು, ಹಾಳೆಯನ್ನು ನನಗೆ ವಾಪಸು ಕೊಟ್ಟು, ಮೊಸರನ್ನಕ್ಕೆ ಹೋದ.